ನಾಚುವ ಬಸವನಹುಳುವಿನ ಚಿತ್ರಪುಸ್ತಕಕ್ಕೊಂದು ಸೂಚನಾಮಾಲೆ

ಮಾತಿನಲ್ಲಿ ಬರೆದುಕೊಟ್ಟ ವರ್ಣನೆಯನ್ನು ಓದಿ ಚಿತ್ರವನ್ನು ರಚಿಸಿಕೊಡುವ ಗಣಕಯಂತ್ರಗಳು ಈಗ ಎಲ್ಲರ ಕೈಗೂ ಎಟುಕುವಂತಾಗಿವೆ. ಹೀಗೆ ಬರೆದುಕೊಡುವ ವರ್ಣನೆಗೆ ಪ್ರಾಂಪ್ಟ್ ಎಂಬ ಹೆಸರು ರೂಢಿಗೆ ಬಂದಿದೆ. ಈ ಲೇಖನದಲ್ಲಿ ನಾವು ಅದನ್ನು ಸೂಚನೆ ಎಂದು ಕರೆಯುತ್ತೇವೆ. ಒಂದೇ ಪುಸ್ತಕದ ಹಲವು ಚಿತ್ರಗಳಿಗಾಗಿ ಪರಸ್ಪರ ಹೊಂದಿಕೊಂಡು ಬರೆದ ಸೂಚನೆಗಳ ಸಾಲು ಸೂಚನಾಮಾಲೆ. ಒಂದು ಸೂಚನೆಯಿಂದ ಒಂದು ಚೆಲುವಾದ ಚಿತ್ರವನ್ನು ಪಡೆಯುವುದು ಕಷ್ಟವಲ್ಲ. ಹನ್ನೆರಡು ಸೂಚನೆಗಳಿಂದ ಒಂದೇ ಪ್ರಾಣಿಯ ಹನ್ನೆರಡು ಚಿತ್ರಗಳನ್ನು ಪಡೆಯುವುದು ಬೇರೆಯೇ ಕೆಲಸ. ಆ ಕೆಲಸದ ಮರ್ಮವನ್ನು ಒಂದು ನಿದರ್ಶನದ ಮೂಲಕ ವಿವರಿಸುವುದು ನಮ್ಮ ಉದ್ದೇಶ.

ನಿದರ್ಶನಕ್ಕೆ ನಾವು ಆರಿಸಿಕೊಂಡ ಕಥೆ ಸರಳವಾದುದು. ಗೋಡೆಯ ಬಿರುಕಿನಲ್ಲಿ ಬೇಸಗೆಯನ್ನು ಕಳೆದ ಒಂದು ಬಸವನಹುಳು ಮೊದಲ ಮಳೆಗೆ ಎಚ್ಚರಗೊಳ್ಳುತ್ತದೆ. ಹೊರಗೆ ಬರಲು ಅದಕ್ಕೆ ಸಂಕೋಚ. ತುಸು ಬಂದಾಗ ಹನಿಯೊಂದು ಮೇಲೆ ಬಿದ್ದು ಮತ್ತೆ ಒಳಸೇರುತ್ತದೆ. ಅಂಗಳದಲ್ಲಿ ನೀರೇರಿದಾಗ ಗೋಡೆಯನ್ನು ಹತ್ತಲೇಬೇಕಾಗುತ್ತದೆ. ಮೇಲೆ, ಮಾಡಿನ ಕೆಳಗೆ, ಇನ್ನೊಂದು ಬಸವನಹುಳು ಎದುರಾಗುತ್ತದೆ. ಎರಡೂ ನಾಚಿ ಒಳಸರಿದು, ಎರಡೂ ಮೆಲ್ಲನೆ ಹೊರಬರುತ್ತವೆ. ಇದರಲ್ಲಿ ಕಲ್ಪಿತವಾದುದು ಬಹಳವಿಲ್ಲ. ನೆಲದ ಬಸವನಹುಳುಗಳು ಒಣಗಾಲದಲ್ಲಿ ಚಿಪ್ಪಿನ ಬಾಯಿಗೆ ಲೋಳೆಯ ಪೊರೆಯನ್ನು ಕಟ್ಟಿಕೊಂಡು ಮಲಗುವುದೂ, ಜಡಿಮಳೆಯಲ್ಲಿ ನೀರಿನಿಂದ ತಪ್ಪಿಸಿಕೊಳ್ಳಲು ಗೋಡೆ ಮರಗಳನ್ನು ಏರುವುದೂ ಎಲ್ಲರೂ ನೋಡಬಹುದಾದ ಸಂಗತಿಗಳು.

ಪುಸ್ತಕವನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆಯ ಮಕ್ಕಳಿಗೆಂದು ಯೋಜಿಸಿದೆವು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು 'ತೆಂಕಣ ಗಾಳಿಯಾಟ'ದಲ್ಲಿ ಈ ಕರಾವಳಿಯ ಬೀಸುಗಾಳಿಯನ್ನೇ ಪದ್ಯದ ವಸ್ತುವನ್ನಾಗಿ ಮಾಡಿಕೊಂಡರು. ತಾನು ಕಂಡ ಗಾಳಿಮಳೆಯನ್ನೇ ಪುಸ್ತಕದಲ್ಲಿ ಕಾಣುವ ಹಕ್ಕು ಇಲ್ಲಿಯ ಮಗುವಿಗೆ ಅಂದಿನಿಂದ ಬಂದಿದೆ. ಪುಸ್ತಕವನ್ನು ಮುಚ್ಚಿಟ್ಟ ಮಗು ಮರುದಿನ ಬೆಳಗ್ಗೆ ಹಿತ್ತಿಲ ಗೋಡೆಯಲ್ಲಿ ನಿಜವಾದ ಹುಳುವನ್ನು ನೋಡುತ್ತದೆ. ಆಗ ಪುಸ್ತಕವು ಸುಳ್ಳಾಗಬಾರದು ಎಂಬುದೇ ನಾವು ಇಟ್ಟುಕೊಂಡ ಪರೀಕ್ಷೆ.

ಯಂತ್ರಕ್ಕೆ ನೆನಪಿಲ್ಲ

ಮೊದಲು ತಿಳಿಯಬೇಕಾದುದು ಯಂತ್ರದ ಸ್ವಭಾವ. ಈ ಯಂತ್ರಗಳಲ್ಲಿ ಬಹುಪಾಲು, ಮರಳು ಚೆಲ್ಲಿದಂತಿರುವ ಅರ್ಥಹೀನವಾದ ಚುಕ್ಕೆಗಳ ಹರವಿನಿಂದ ಆರಂಭಿಸಿ, ಸೂಚನೆಯ ಮಾತಿಗೆ ಒಪ್ಪುವಂತೆ ಆ ಚುಕ್ಕೆಗಳನ್ನು ಹಂತಹಂತವಾಗಿ ತಿದ್ದುತ್ತ ಚಿತ್ರಕ್ಕೆ ಬರುತ್ತವೆ. ಪ್ರತಿ ಸೂಚನೆಗೂ ಈ ಕಾರ್ಯವು ಹೊಸದಾಗಿ ನಡೆಯುತ್ತದೆ. ಐದನೆಯ ಚಿತ್ರವನ್ನು ಬರೆಯುವಾಗ ನಾಲ್ಕನೆಯ ಚಿತ್ರದ ಹುಳುವಿನ ಬಣ್ಣ ಯಾವುದಾಗಿತ್ತೆಂಬುದು, ನಾವಾಗಿ ತಿಳಿಸದ ಹೊರತು, ಯಂತ್ರಕ್ಕೆ ಗೊತ್ತಿರುವುದಿಲ್ಲ. ಆರಂಭದ ಚುಕ್ಕೆಗಳ ಹರವನ್ನು ನಿಶ್ಚಯಿಸುವ ಒಂದು ಸಂಖ್ಯೆಯುಂಟು. ಅದನ್ನು ಸೀಡ್ ಎನ್ನುವರು. ಸೀಡ್, ಸೂಚನೆ, ಯಂತ್ರದ ಹೊಂದಾಣಿಕೆ ಎಲ್ಲವೂ ಅವೇ ಆಗಿದ್ದರೆ ಅದೇ ಚಿತ್ರ ಮರಳಿ ಬರುತ್ತದೆ. ಆದರೆ ಸೂಚನೆಯನ್ನು ಬದಲಿಸಿ ಸೀಡನ್ನು ಮಾತ್ರ ಉಳಿಸಿಕೊಂಡರೆ ಪ್ರಾಣಿಯೂ ಉಳಿಯುವುದೆಂದು ನಂಬಲಾಗದು. ಉಳಿಯುವುದು ಹೆಚ್ಚಾಗಿ ಚಿತ್ರದ ಹಂಚಿಕೆ, ನೆಳಲುಬೆಳಕುಗಳ ಸ್ಥಾನ. ಒಪ್ಪಿದ ಒಂದು ಚಿತ್ರವನ್ನು ಮಾದರಿಯಾಗಿ ಸೂಚನೆಯೊಡನೆ ಒಪ್ಪಿಸುವ ಸೌಕರ್ಯವು ಅನೇಕ ಯಂತ್ರಗಳಲ್ಲಿದೆ. ಅದು ಬಹಳ ಉಪಕಾರಿ. ಆದರೆ ಮಾದರಿಯಲ್ಲಿ ತಪ್ಪಿದ್ದರೆ ಆ ತಪ್ಪು ಹನ್ನೆರಡು ಪುಟಗಳಿಗೂ ಹರಡುತ್ತದೆ.

ಎರಡನೆಯದು ಸೂಚನೆಯ ಅಳತೆ. 2022ರಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾದ ಸ್ಟೇಬಲ್ ಡಿಫ್ಯೂಷನ್ ಎಂಬ ಯಂತ್ರದ ಮೊದಲ ಆವೃತ್ತಿಯು ಸೂಚನೆಯನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆದು, ಒಮ್ಮೆಗೆ 75 ತುಣುಕುಗಳನ್ನಷ್ಟೇ ಓದುತ್ತದೆ. ಇಂಗ್ಲಿಷಿನ ಸಾಮಾನ್ಯ ಪದವೊಂದು ಒಂದು ತುಣುಕಾಗುತ್ತದೆ. ಕನ್ನಡಕ್ಕೆ ಆ ಸೌಲಭ್ಯವಿಲ್ಲ. 'ಬಸವನಹುಳು' ಎಂಬ ಪದವು ಗಣಕದ ಸಂಗ್ರಹದಲ್ಲಿ 8 ಸಂಕೇತಗಳು, ಅಂದರೆ 24 ಬೈಟುಗಳು. ಇಂಗ್ಲಿಷಿಗಾಗಿ ಸಿದ್ಧವಾದ ಒಡೆಯುವ ಕ್ರಮವು ಇದನ್ನು ಹಲವು ಚೂರುಗಳಾಗಿ ಎಣಿಸುತ್ತದೆ, ಮತ್ತು ಆ ಚೂರುಗಳಿಗೆ ಯಾವ ರೂಪವನ್ನೂ ಹೊಂದಿಸಲಾರದು. ಈಚಿನ ಯಂತ್ರಗಳು ದೀರ್ಘವಾದ ಸೂಚನೆಯನ್ನೂ ಕನ್ನಡವನ್ನೂ ಸ್ವೀಕರಿಸುತ್ತವೆ. ಆದರೂ ಚಿಕ್ಕ ಅಳತೆಯಲ್ಲಿ ಬರೆಯುವ ಶಿಸ್ತು ಅಲ್ಲಿಯೂ ವ್ಯರ್ಥವಲ್ಲ. ಸೂಚನೆ ಉದ್ದವಾದಷ್ಟೂ ಅದರ ಯಾವುದೋ ಒಂದಂಶ ಚಿತ್ರದಲ್ಲಿ ಬಿಟ್ಟುಹೋಗುವ ಸಂಭವ ಹೆಚ್ಚು.

ಹೆಸರಿನ ವಿಚಾರದಲ್ಲಿ ಇನ್ನೊಂದು ಎಚ್ಚರ ಬೇಕು. ಎತ್ತಿನಂತೆ ಕೋಡುಗಳಿರುವುದರಿಂದ ನಮ್ಮವರು ಈ ಪ್ರಾಣಿಯನ್ನು ಬಸವನ ಹುಳು ಎಂದರು. ಹೆಸರನ್ನು ಪದಶಃ ಇಂಗ್ಲಿಷಿಗೆ ತಿರುಗಿಸಿ ಕೊಟ್ಟರೆ ಗೂಳಿಯ ತಲೆಯುಳ್ಳ ಹುಳುವೊಂದು ಚಿತ್ರದಲ್ಲಿ ಮೂಡಬಹುದು. ಆದರೆ ಆ ಹೆಸರಿನಲ್ಲಿ ಅಡಗಿರುವ ಗಮನಿಕೆ ಸರಿಯಾದುದು: ಈ ಪ್ರಾಣಿಯ ಲಕ್ಷಣವೆಲ್ಲ ಅದರ ಕೋಡುಗಳಲ್ಲಿದೆ. ನಮ್ಮ ಸೂಚನಾಮಾಲೆಗೆ ದಾರಿ ತೋರಿಸಿದ್ದೂ ಅದೇ.

ನಾಚಿಕೆ ಎಲ್ಲಿದೆ?

ಆರಂಭದಲ್ಲಿ ನಾವು 'ಮಳೆಯಲ್ಲಿ ನಾಚಿಕೊಂಡ ಪುಟ್ಟ ಬಸವನಹುಳು' ಎಂಬಷ್ಟೇ ಅರ್ಥದ ಸೂಚನೆಯನ್ನು ಕೊಟ್ಟೆವು. ಬಂದ ಚಿತ್ರದಲ್ಲಿ ಕೆಂಪೇರಿದ ಕೆನ್ನೆ, ಮನುಷ್ಯನ ಮುಗುಳ್ನಗೆ, ಮುಖದ ನಡುವೆ ಎರಡು ದೊಡ್ಡ ಕಣ್ಣುಗಳು ಇದ್ದವು. ಕೋಡುಗಳ ತುದಿಯಲ್ಲಿ ಮತ್ತೆರಡು ಗುಂಡುಗಳಿದ್ದವು. ಹೀಗೆ ನಾಲ್ಕು ಕಣ್ಣುಗಳಾದವು. ನಾಚಿಕೆ ಎಂಬ ಮಾತು ಕಣ್ಣಿಗೆ ಕಾಣುವ ವಸ್ತುವಲ್ಲ. ಅದನ್ನು ಚಿತ್ರವಾಗಿಸಲು ಯಂತ್ರವು ತಾನು ಕಂಡ ನಾಚಿಕೆಗಳನ್ನು, ಎಂದರೆ ಮನುಷ್ಯಮುಖಗಳನ್ನು, ಎರವು ತಂದಿತು.

ಹುಳುವಿನ ನಾಚಿಕೆ ಅದರ ಶರೀರದಲ್ಲಿಯೇ ಇದೆ. ನೆಲದ ಬಸವನಹುಳುಗಳಿಗೆ ಸಾಮಾನ್ಯವಾಗಿ ಎರಡು ಜೊತೆ ಕೋಡುಗಳು. ಮೇಲಿನ ಉದ್ದವಾದ ಜೊತೆಯ ತುದಿಯಲ್ಲಿ ಕಣ್ಣು; ಕೆಳಗಿನ ಚಿಕ್ಕ ಜೊತೆಯಿಂದ ಅದು ನೆಲವನ್ನು ಮುಟ್ಟಿ, ಮೂಸಿ ತಿಳಿಯುತ್ತದೆ. ಕೋಡನ್ನು ತಾಕಿದರೆ ಅದು ಮಡಿಸಿಕೊಳ್ಳುವುದಿಲ್ಲ. ಅಂಗಿಯ ತೋಳಿನ ತುದಿಯನ್ನು ಒಳಗಿನಿಂದ ಹಿಡಿದೆಳೆದರೆ ತೋಳು ಹೇಗೆ ಒಳಮಗುಚಿಕೊಳ್ಳುವುದೋ ಹಾಗೆ ತುದಿಯಿಂದ ಆರಂಭಿಸಿ ಒಳಕ್ಕೆ ಸೇರುತ್ತದೆ. ಆದುದರಿಂದ ಮೊದಲು ಮರೆಯಾಗುವುದು ಕಣ್ಣು. ಅರ್ಧ ಸರಿದ ಕೋಡಿನ ತುದಿಯಲ್ಲಿ ಕಣ್ಣಿರುವುದಿಲ್ಲ. ತೆಳುವಾದ ಚರ್ಮದೊಳಗೆ ಕಪ್ಪು ಚುಕ್ಕೆಯಾಗಿ ಮಸುಕಾಗಿ ಕಾಣಬಹುದು. ನಾಚಿದವನು ಮೊದಲು ಕಣ್ಣನ್ನು ತಗ್ಗಿಸುವನೆಂಬ ಮಾತಿಗೆ ಇದಕ್ಕಿಂತ ಹತ್ತಿರದ ಸಾಮ್ಯ ಬೇರೆ ಬೇಕಾಗಿಲ್ಲ.

ಈ ಸಂಗತಿಯಿಂದ ನಾವು ನಾಚಿಕೆಗೆ ನಾಲ್ಕು ಮೆಟ್ಟಿಲುಗಳನ್ನು ನಿಶ್ಚಯಿಸಿದೆವು. ಒಂದನೆಯದರಲ್ಲಿ ಕೋಡುಗಳು ಪೂರ್ಣ ಚಾಚಿ ಕಣ್ಣುಗಳು ತುದಿಯಲ್ಲಿರುತ್ತವೆ. ಎರಡನೆಯದರಲ್ಲಿ ಕೋಡುಗಳು ಮೊಂಡಾಗಿ ಕಣ್ಣುಗಳು ಒಳಗೆ ಮಸುಕಾಗಿರುತ್ತವೆ. ಮೂರನೆಯದರಲ್ಲಿ ಕೋಡುಗಳು ಕಾಣವು. ಚಿಪ್ಪಿನ ಅಂಚಿನಲ್ಲಿ ತಲೆಯ ಉಬ್ಬು ಮಾತ್ರ. ನಾಲ್ಕನೆಯದರಲ್ಲಿ ಶರೀರವೆಲ್ಲ ಒಳಗೆ. ಹೊರಗೆ ಚಿಪ್ಪು ಮಾತ್ರ. ಹನ್ನೆರಡು ಚಿತ್ರಗಳಲ್ಲಿ ಈ ಮೆಟ್ಟಿಲುಗಳು ಬರುವ ಕ್ರಮವಿದು: 4, 3, 2, 1, 2, 4, 3, 2, 1, 1, 2, 1. ಕಥೆಯ ಏರಿಳಿತವೆಲ್ಲ ಈ ಅಂಕಿಗಳ ಸಾಲಿನಲ್ಲಿದೆ. ಐದನೆಯ ಚಿತ್ರದಲ್ಲಿ ಹನಿ ಬೀಳುತ್ತದೆ, ಆರನೆಯದರಲ್ಲಿ ಹುಳು ಪೂರ್ತಿ ಒಳಗೆ. ಹನ್ನೊಂದನೆಯದರಲ್ಲಿ ಇನ್ನೊಂದು ಹುಳುವಿನ ಕೋಡು ತಾಕುತ್ತದೆ, ಹನ್ನೆರಡನೆಯದರಲ್ಲಿ ಎರಡೂ ಚಾಚಿಕೊಂಡಿವೆ. ಸೂಚನೆಯಲ್ಲಿ ನಾಚಿಕೆ ಎಂಬ ಪದವನ್ನು ಒಮ್ಮೆಯೂ ಬರೆಯಬೇಕಾಗಲಿಲ್ಲ.

ಸ್ಥಿರಭಾಗ, ಚರಭಾಗ

ಪ್ರತಿಯೊಂದು ಸೂಚನೆಯನ್ನೂ ಎರಡು ಭಾಗ ಮಾಡುವುದು ಮಾಲೆಯ ಮೂಲಸೂತ್ರ. ಪ್ರಾಣಿಯನ್ನು ವರ್ಣಿಸುವ ಸ್ಥಿರಭಾಗವು ಹನ್ನೆರಡರಲ್ಲಿಯೂ ಅಕ್ಷರಶಃ ಅದೇ ಆಗಿರಬೇಕು. ಒಂದು ಪದವನ್ನು ಸಮಾನಾರ್ಥಕದಿಂದ ಬದಲಿಸಿದರೂ ಪ್ರಾಣಿ ಬದಲಾಗುತ್ತದೆ. ಸ್ಥಿತಿಯನ್ನೂ ಸ್ಥಳವನ್ನೂ ಹೇಳುವುದು ಚರಭಾಗ. ಮೊದಲ ಪ್ರಯತ್ನದಲ್ಲಿ ನಾವು ಉದ್ದನೆಯ ಕೋಡುಗಳನ್ನು ಸ್ಥಿರಭಾಗದಲ್ಲಿ ಸೇರಿಸಿ, ಐದನೆಯ ಸೂಚನೆಯ ಚರಭಾಗದಲ್ಲಿ ಕೋಡುಗಳು ಒಳಸರಿದಿವೆ ಎಂದು ಬರೆದಿದ್ದೆವು. ಎರಡು ಮಾತುಗಳೂ ಒಂದನ್ನೊಂದು ವಿರೋಧಿಸಿದುವು; ಚಿತ್ರದಲ್ಲಿ ಒಂದು ಕೋಡು ಉದ್ದ, ಒಂದು ಮೊಂಡು. ಕಥೆಯಲ್ಲಿ ಬದಲಾಗುವ ಯಾವ ಅಂಗವೂ ಸ್ಥಿರಭಾಗದಲ್ಲಿ ಇರಕೂಡದೆಂದು ಆಗ ತಿಳಿಯಿತು. ತಿದ್ದಿದ ಸ್ಥಿರಭಾಗ ಹೀಗಿದೆ:

```
small land snail, thin glossy brown shell,
shell spiral winding clockwise from its centre,
soft orange body, smooth rounded head,
creeping toward the right
```

ಬಣ್ಣವನ್ನು ಹೀಗೆ ಆರಿಸಲು ಕಾರಣವುಂಟು. ಬಸವನಹುಳು ಎಂದಷ್ಟೇ ಹೇಳಿದಾಗ ಯಂತ್ರವು ಪದೇಪದೇ ಯೂರೋಪಿನ ತೋಟದ ಹುಳುವನ್ನೇ ಬರೆಯಿತು. ನಮ್ಮ ಹಿತ್ತಿಲುಗಳಲ್ಲಿ ಸಾಮಾನ್ಯವಾಗಿ ಕಾಣುವ ದೊಡ್ಡ ಹುಳುವೂ ಪರದೇಶದ್ದೇ; ಆಫ್ರಿಕದ ಆ ಹುಳುವನ್ನು 1847ರಲ್ಲಿ ಬೆನ್ಸನ್ ಎಂಬವರು ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದು ಬಿಟ್ಟರು. ಪಶ್ಚಿಮಘಟ್ಟಗಳಿಗೆ ಮಾತ್ರ ಸೀಮಿತವಾದ ಇಂಡ್ರೆಲ್ಲಾ ಆಂಪುಲ್ಲಾ ಎಂಬ ಹುಳುವಿಗೆ ತೆಳುವಾದ ಹೊಳಪಿನ ಚಿಪ್ಪೂ ಹಳದಿಯಿಂದ ಕೆಂಪಿನವರೆಗಿನ ಶರೀರವೂ ಇವೆ. ನಮ್ಮ ಕಥಾನಾಯಕನಿಗೆ ಅದರ ಬಣ್ಣವನ್ನು ಎರವು ಪಡೆದೆವು.

ಸುರುಳಿಯ ದಿಕ್ಕನ್ನು ಹೇಳಿರುವುದು ಅತಿಸೂಕ್ಷ್ಮತೆ ಎಂದು ತೋರಬಹುದು. ಆದರೆ ತಪ್ಪು ಹೆಚ್ಚಾಗಿ ನಡೆಯುವುದು ಇಲ್ಲಿಯೇ. ಬಹುಪಾಲು ಬಸವನಹುಳುಗಳ ಚಿಪ್ಪು ಬಲಸುರುಳಿ: ತುದಿಯ ಕಡೆಯಿಂದ ನೋಡಿದರೆ ಸುರುಳಿಯು ನಡುವಿನಿಂದ ಹೊರಕ್ಕೆ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಈ ತುದಿ ಹುಳುವಿನ ಬಲಪಕ್ಕಕ್ಕಿರುವುದರಿಂದ, ಅದು ಓದುಗನ ಬಲಗಡೆಗೆ ಸಾಗುತ್ತಿರುವಾಗ ಸುರುಳಿ ಚೆನ್ನಾಗಿ ಕಾಣುತ್ತದೆ. ಕನ್ನಡ ಪುಸ್ತಕದಲ್ಲಿ ಕಥೆ ಸಾಗುವುದೂ ಆ ದಿಕ್ಕಿಗೇ. ಪುಟದ ಹೊಂದಾಣಿಕೆಗೆಂದು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿದರೆ ಬಲಸುರುಳಿಯ ಹುಳು ಎಡಸುರುಳಿಯದಾಗುತ್ತದೆ. ಪಶ್ಚಿಮಘಟ್ಟಗಳ ಅರಿಯೋಫಾಂಟಾ ಕುಲದಲ್ಲಿ ಎಡಸುರುಳಿಯ ಹುಳುಗಳು ನಿಜವಾಗಿಯೂ ಇವೆ; ಆದರೆ ಒಂದೇ ಹುಳು ಒಂದು ಪುಟದಲ್ಲಿ ಬಲಕ್ಕೂ ಮುಂದಿನ ಪುಟದಲ್ಲಿ ಎಡಕ್ಕೂ ಸುತ್ತಿಕೊಂಡಿರುವುದು ಎಲ್ಲಿಯೂ ಇಲ್ಲ. ಆದಕಾರಣ ಚಿತ್ರವನ್ನು ಮಗುಚಬಾರದು, ಹುಳುವನ್ನು ಎಡಕ್ಕೆ ನಡೆಸಬಾರದು ಎಂಬ ಎರಡು ನಿಯಮಗಳನ್ನು ಮಾಡಿಕೊಂಡೆವು. ಎರಡನೆಯ ಹುಳುವಿಗೆ ಮಾತ್ರ ವಿನಾಯಿತಿ: ಎದುರಿನಿಂದ ಬರುವ ಅದರ ಎಡಪಕ್ಕವಷ್ಟೇ ಕಾಣುವುದರಿಂದ ಚಿಪ್ಪಿನ ಸುರುಳಿಯನ್ನು ಪಾಚಿಯ ಮರೆಯಲ್ಲಿಟ್ಟೆವು.

ಐದನೆಯ ಚಿತ್ರದ ಚರಭಾಗ ಇದು:

```
two upper tentacles shortened to soft stubs,
eye spots faint inside, two small lower tentacles below,
on a mossy laterite wall,
rain water falling in strings from a red tiled eave
```

ಎರಡು ಭಾಗಗಳೂ ಸೇರಿ 55 ಪದಗಳು. ಅಲ್ಪವಿರಾಮಗಳೂ ತುಣುಕುಗಳಾಗಿ ಲೆಕ್ಕಕ್ಕೆ ಬರುವುದರಿಂದ 75ರ ಮಿತಿಯಲ್ಲಿ ಸ್ವಲ್ಪವೇ ಉಳಿಯುತ್ತದೆ. ಇಲ್ಲಿ 'ಇಲ್ಲ' ಎಂಬ ಮಾತನ್ನು ಎಲ್ಲಿಯೂ ಬಳಸಿಲ್ಲವೆಂಬುದನ್ನು ಓದುಗರು ಗಮನಿಸಬೇಕು. 'ಕೊಡೆ ಬೇಡ' ಎಂದು ಬರೆದ ಸೂಚನೆಗೆ ಕೊಡೆಯೇ ಬರುವುದುಂಟು; ಯಂತ್ರವು ನಿಷೇಧಕ್ಕಿಂತ ಹೆಸರಿಗೆ ಹೆಚ್ಚು ಕಿವಿಗೊಡುತ್ತದೆ. ಬೇಡವಾದುದನ್ನು ಬರೆಯಲು ಕೆಲವು ಯಂತ್ರಗಳಲ್ಲಿ ಪ್ರತ್ಯೇಕ ಸ್ಥಳವಿದೆ. ಇಲ್ಲದೆಡೆ ಬೇಡವಾದುದರ ಜಾಗದಲ್ಲಿ ಬೇಕಾದುದನ್ನು ಹೇಳುವುದೇ ಉಪಾಯ. 'ಮುಖವಿಲ್ಲದ ತಲೆ' ಎನ್ನುವ ಬದಲು 'ನುಣುಪಾದ ದುಂಡು ತಲೆ' ಎಂದಿರುವುದು ಆ ಕಾರಣಕ್ಕಾಗಿ.

ಮೂರು ಊರು, ಒಂದು ಹುಳು

ಒಂದೇ ಹುಳುವನ್ನು ಮೂರು ಊರುಗಳಿಗೂ ನಡೆಸಬಹುದೇ ಎಂಬ ಪ್ರಶ್ನೆ ಮೊದಲಿಗೆ ಎದ್ದಿತ್ತು. ಸೆಕೆಂಡಿಗೆ ಒಂದು ಮಿಲಿಮೀಟರಿನಂತೆ ಎಡೆಬಿಡದೆ ಸಾಗಿದರೂ ಒಂದು ಕಿಲೋಮೀಟರಿಗೆ ಹನ್ನೊಂದೂವರೆ ದಿನಗಳು ಬೇಕು. ಬಂಟ್ವಾಳದಿಂದ ಹೊರಟ ಹುಳು ಮಳೆಗಾಲ ಮುಗಿಯುವುದರೊಳಗೆ ಬೆಳ್ತಂಗಡಿಯನ್ನು ಕಾಣಲಾರದು. ಆದುದರಿಂದ ಸ್ಥಿರಭಾಗವನ್ನೂ ನಾಲ್ಕು ಮೆಟ್ಟಿಲುಗಳನ್ನೂ ಹಾಗೆಯೇ ಇಟ್ಟು, ಸ್ಥಳದ ಮಾತನ್ನು ಮಾತ್ರ ಬದಲಿಸಿ ಮೂರು ಪಾಠಗಳನ್ನು ಮಾಡಿದೆವು. ಮಾಲೆ ಸರಿಯಾಗಿ ಕಟ್ಟಿದೆಯೇ ಎಂಬುದಕ್ಕೆ ಇದೇ ಒಳ್ಳೆಯ ಪರೀಕ್ಷೆಯೂ ಆಯಿತು.

'ಭಾರತದ ಹಳ್ಳಿಯ ಮಳೆಗಾಲ' ಎಂಬ ಸೂಚನೆಗೆ ನಮಗೆ ದೊರೆತುದು ಬಯಲುಸೀಮೆಯ ಹುಲ್ಲುಗುಡಿಸಲು, ಮಣ್ಣಿನ ದಾರಿ. ಇಲ್ಲಿಯೂ ಪರಿಹಾರವು ನಾಚಿಕೆಯ ವಿಷಯದಲ್ಲಿದ್ದಂತೆಯೇ: ಹೆಸರನ್ನು ಬಿಟ್ಟು, ಕಾಣುವ ವಸ್ತುವನ್ನು ಹೇಳುವುದು. ಬಂಟ್ವಾಳದ ಪಾಠದಲ್ಲಿ ಪಾಚಿಗಟ್ಟಿದ ಮುರಕಲ್ಲಿನ ಗೋಡೆ, ಹಂಚಿನ ಮಾಡಿನ ಅಂಚಿನಿಂದ ನೂಲಿನಂತೆ ಇಳಿಯುವ ನೀರು. ಬೆಳ್ತಂಗಡಿಯ ಪಾಠದಲ್ಲಿ ಅಡಕೆಯ ತೋಟ, ಉದುರಿದ ಹಾಳೆ, ಹಿಂದೆ ಮೋಡದಲ್ಲಿ ಅರ್ಧ ಮುಳುಗಿದ ಘಟ್ಟ. ಮೂಡುಬಿದಿರೆಯ ಪಾಠದಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೆನಪಿಗೆ ತರುವ ಇಳಿಜಾರು ಮಾಡು, ಕೆತ್ತನೆಯ ಕಲ್ಲುಗಂಬದ ಬುಡ. ಇಲ್ಲಿ ಬಸದಿಯ ಹೆಸರನ್ನು ಸೂಚನೆಯಲ್ಲಿ ಬರೆದಾಗ ಶಿಖರವುಳ್ಳ ಯಾವುದೋ ದೇವಾಲಯ ಬಂದಿತು. ಕಂಬದ ಬುಡವನ್ನು ಹುಳುವಿನ ಎತ್ತರದಿಂದ ನೋಡುವಂತೆ ವರ್ಣಿಸಿದಾಗ ತೊಡಕು ತಪ್ಪಿತು.

ಎಲ್ಲವನ್ನೂ ಹೇಳಿದರೂ ಋತು ತಪ್ಪಬಹುದು. ಹುಳುವಿನ ಗಾತ್ರ ತಿಳಿಯಲೆಂದು ಅದರ ಪಕ್ಕದಲ್ಲಿ ಒಂದು ಅಡಕೆಯನ್ನು ಇಡುವಂತೆ ಬೆಳ್ತಂಗಡಿಯ ಸೂಚನೆಯಲ್ಲಿ ಬರೆದೆವು. ಚಿತ್ರದಲ್ಲಿ ಕಿತ್ತಳೆಯ ಬಣ್ಣದ ಹಣ್ಣಡಕೆ ಬಂದಿತು. ನೋಡಲು ಚೆನ್ನಾಗಿಯೂ ಇತ್ತು. ಆದರೆ ಅಡಕೆ ಹಣ್ಣಾಗುವುದು ಮಳೆ ಹೋದ ಮೇಲೆ. ಆಷಾಢದಲ್ಲಿ ಮರದ ಬುಡದಲ್ಲಿ ಬಿದ್ದಿರುವುದು ಕೊಳೆರೋಗಕ್ಕೆ ಉದುರಿದ ಹಸಿರು ಕಾಯಿ. ತೋಟದ ಮಗು ಈ ತಪ್ಪನ್ನು ನಮಗಿಂತ ಮೊದಲು ಹಿಡಿಯುತ್ತದೆ. 'ಹಸಿರು' ಎಂಬ ಒಂದೇ ಪದವನ್ನು ಸೇರಿಸಿದ್ದರಿಂದ ಚಿತ್ರ ಸರಿಹೋಯಿತು. ಆದರೆ ಸೇರಿಸಬೇಕೆಂದು ತಿಳಿಯಲು ತೋಟವನ್ನು ಮಳೆಯಲ್ಲಿ ನೋಡಿದವರೇ ಬೇಕು.

ತಪ್ಪನ್ನು ಕಾಣುವ ಬಗೆ

ಚಿತ್ರಗಳನ್ನು ಒಂದೊಂದಾಗಿ ನೋಡಿದರೆ ಎಲ್ಲವೂ ಸರಿಯಾಗಿಯೇ ತೋರುತ್ತವೆ. ಹನ್ನೆರಡನ್ನೂ ಚಿಕ್ಕದಾಗಿ ಅಚ್ಚುಮಾಡಿ ಒಂದೇ ಹಾಳೆಯ ಮೇಲೆ ಸಾಲಾಗಿ ಅಂಟಿಸಿ ನೋಡತಕ್ಕದ್ದು. ಆಮೇಲೆ ನಾಲ್ಕು ಎಣಿಕೆಗಳನ್ನು ಮಾಡಬೇಕು: ಕೋಡುಗಳು ಎಷ್ಟು, ಸುರುಳಿ ಯಾವ ಕಡೆಗೆ, ಶರೀರದ ಬಣ್ಣ ಅದೇ ಆಗಿದೆಯೇ, ಪಕ್ಕದ ವಸ್ತುವಿಗೆ ಹೋಲಿಸಿದ ಗಾತ್ರ ಅದೇ ಆಗಿದೆಯೇ. ಮೊದಲ ಸುತ್ತಿನಲ್ಲಿ ನಾವು ಹೆಚ್ಚಾಗಿ ಕಂಡ ತಪ್ಪು ಕೆಳಗಿನ ಕೋಡುಗಳು ಬಿಟ್ಟುಹೋದುದು; ಅನಂತರದ್ದು ಸುರುಳಿಯ ಪಲ್ಲಟ. ಸುರುಳಿಯ ವಿಷಯದಲ್ಲಿ ಸೂಚನೆಯ ಮಾತು ಯಾವಾಗಲೂ ಫಲಿಸುವುದಿಲ್ಲ. ಬಲ ಎಡ ಎಂಬ ಭೇದದಲ್ಲಿ ಈ ಯಂತ್ರಗಳು ದುರ್ಬಲವಾದುದರಿಂದ ಕೆಲವು ಚಿತ್ರಗಳ ಚಿಪ್ಪನ್ನು ಚಿತ್ರಕಾರನೇ ಕೈಯಿಂದ ತಿದ್ದಬೇಕಾಗುತ್ತದೆ. ಪುಟದ ಕನ್ನಡ ಅಕ್ಷರಗಳನ್ನೂ ಯಂತ್ರದಿಂದ ಬರೆಸದೆ, ಚಿತ್ರದಲ್ಲಿ ಖಾಲಿ ಆಕಾಶವನ್ನು ಬಿಡಿಸಿಕೊಂಡು ಬೇರೆಯಾಗಿ ಜೋಡಿಸುವುದು ಕ್ಷೇಮ. ಯಂತ್ರವು ಬರೆದ ಒತ್ತಕ್ಷರಗಳನ್ನು ನಂಬುವಂತಿಲ್ಲ.

ಮೇಲಿನ ನಿದರ್ಶನದಲ್ಲಿ ನಾವು ಯಂತ್ರದ ಮೇಲೆ ಕಳೆದ ಹೊತ್ತಿಗಿಂತ ಗೋಡೆಯ ಮುಂದೆ ಕಳೆದ ಹೊತ್ತು ಹೆಚ್ಚು. ಕೋಡು ತುದಿಯಿಂದ ಒಳಸರಿಯುವುದೆಂಬುದನ್ನೂ, ಸುರುಳಿ ಎತ್ತ ಸುತ್ತುವುದೆಂಬುದನ್ನೂ, ಆಷಾಢದ ಅಡಕೆ ಹಸಿರೆಂಬುದನ್ನೂ ಯಂತ್ರವು ನಮಗೆ ಹೇಳಲಿಲ್ಲ. ನಾವು ಅದಕ್ಕೆ ಹೇಳಬೇಕಾಯಿತು. ಈ ಅಭ್ಯಾಸವನ್ನು ತರಗತಿಯಲ್ಲಿ ಮಾಡಿಸಬಯಸುವ ಅಧ್ಯಾಪಕರು ಜೂನ್ ತಿಂಗಳ ಮೊದಲ ಮಳೆಯ ಮರುದಿನವನ್ನು ಆರಿಸಿಕೊಳ್ಳಬಹುದು. ವಿದ್ಯಾರ್ಥಿಗಳು ಮೊದಲು ಒಂದು ಬಸವನಹುಳುವನ್ನು ಅರ್ಧ ಗಂಟೆ ನೋಡಿ, ಕಂಡುದನ್ನು ಕನ್ನಡದಲ್ಲಿ ಹತ್ತು ವಾಕ್ಯಗಳಾಗಿ ಬರೆಯಲಿ. ಆ ವಾಕ್ಯಗಳಲ್ಲಿ ಕಣ್ಣಿಗೆ ಕಾಣದ ಮಾತುಗಳನ್ನೆಲ್ಲ ಹೊಡೆದುಹಾಕಿದ ಮೇಲೆ ಉಳಿಯುವುದೇ ಸ್ಥಿರಭಾಗದ ಮೊದಲ ಕರಡು.